ಕೊಡಗಿನ ಊಟದ ಪರಿಚಯ ಚೀಟಿಯಲ್ಲಿ ಏನು ಬರೆಯಬೇಕು?

ಪ್ರಶ್ನೆ: ನಾಪೋಕ್ಲು ಬಳಿ ನಮ್ಮದೊಂದು ಹೋಂಸ್ಟೇ ಇದೆ. ಆಗಸ್ಟ್ ಮೊದಲ ವಾರ ಹೊರ ಜಿಲ್ಲೆಯಿಂದ ಆರು ಜನ ಬರುತ್ತಿದ್ದಾರೆ, ಇಬ್ಬರು ಸಸ್ಯಾಹಾರಿಗಳು. ಯಾರೂ ಕೊಡಗಿನ ಊಟ ಮಾಡಿದವರಲ್ಲ. ಒಂದೊಂದಾಗಿ ಬಡಿಸಿ, ಜೊತೆಗೆ ಚಿಕ್ಕ ಪರಿಚಯ ಬರೆದಿಡಬೇಕೆಂದಿದ್ದೇವೆ. ಹೇಗೆ ಬರೆಯಲಿ?

ಉತ್ತರ: ನಮ್ಮ ಮನೆಗಳಲ್ಲಿ ಎಲ್ಲವೂ ಒಟ್ಟಿಗೇ ಮೇಜಿಗೆ ಬರುತ್ತದೆ. ಒಂದಾದ ಮೇಲೊಂದು ಬಡಿಸುವುದು ಅತಿಥಿಗಳ ಅನುಕೂಲಕ್ಕೆ ನೀವು ಮಾಡಿಕೊಂಡ ಏರ್ಪಾಡು. ಚೀಟಿಯಲ್ಲಿ ಅದನ್ನು ಸಂಪ್ರದಾಯ ಎಂದು ಬರೆಯಬೇಡಿ. ಪ್ರತಿ ಅಡುಗೆಗೂ ಮೂರೇ ವಿಷಯ ಸಾಕು: ಇದರಲ್ಲಿ ಏನಿದೆ, ಹೇಗೆ ತಿನ್ನಬೇಕು, ಏನನ್ನು ಕಂಡು ಗಾಬರಿಯಾಗಬಾರದು. ಹಸಿದವರು ಅದಕ್ಕಿಂತ ಹೆಚ್ಚು ಓದುವುದಿಲ್ಲ.

ನೀವು ಹೇಳಿದ ವಾರ ಕಕ್ಕಡ ಮಾಸ, ಆದ್ದರಿಂದ ನಮ್ಮ ಅಕ್ಕಿ ರೊಟ್ಟಿಯಾದ ಒಟ್ಟಿ ಮತ್ತು ಕಳಲೆಯ ಬೈಂಬಳೆ ಕರಿಯಿಂದ ಶುರು ಮಾಡಿ. ಎಳೆ ಬಿದಿರಿನ ಮೊಳಕೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಆಮೇಲೆ ಬೇಯಿಸಿದ ನೀರನ್ನೂ ಚೆಲ್ಲುವುದು ನಿಮಗೆ ಗೊತ್ತೇ ಇದೆ. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುವುದರಿಂದ ಅವಸರ ಕೂಡದು. ನೆನೆಸಿದ ಕಳಲೆಯ ಹುಳಿ ವಾಸನೆ ಹೊಸಬರಿಗೆ ಹಳಸಿದಂತೆ ಅನ್ನಿಸಬಹುದು. ಅದಕ್ಕೇ ಹೀಗೆ ಬರೆಯಿರಿ: "ನೀರಿನಲ್ಲಿ ನೆನೆಸಿಟ್ಟ ಬಿದಿರಿನ ಮೊಳಕೆ. ತುಸು ಹುಳಿ ವಾಸನೆ ಇದರ ಸಹಜ ಗುಣ. ಒಟ್ಟಿಯ ತುಂಡಿನಲ್ಲಿ ಹಿಡಿದು ತಿನ್ನಿ. ಮಾಂಸವಿಲ್ಲ."

ಮುಂದಿನದು ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ ಕಡಂಬುಟ್ಟು ಮತ್ತು ಹಂದಿಮಾಂಸದ ಪಂದಿಕರಿ. ಹೆಚ್ಚು ವಿವರಣೆ ಬೇಕಾಗುವುದು ಇಲ್ಲಿಯೇ. ತಟ್ಟೆಗೆ ಬಿದ್ದ ಕೂಡಲೇ ಹೊಸಬರು ನೋಡುವುದು ಬಣ್ಣವನ್ನು, ಕೇಳುವುದು "ತಳ ಹಿಡಿದಿದೆಯೇ?" ಎಂದು. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸಾಸಿವೆ, ಮೆಂತ್ಯವನ್ನು ಕಪ್ಪಾಗುವಷ್ಟು ಹುರಿದು ಪುಡಿ ಮಾಡುವುದರಿಂದಲೂ ಕಾಚಂಪುಳಿಯಿಂದಲೂ ಆ ಬಣ್ಣ ಬರುತ್ತದೆ. ಕಾಚಂಪುಳಿಯ ಬಗ್ಗೆ ಒಂದು ಸಾಲು ಖಂಡಿತ ಇರಲಿ. ಸಾಧ್ಯವಾದರೆ ಚಿಕ್ಕ ಬಟ್ಟಲಿನಲ್ಲಿ ಎರಡು ಹನಿ ಇಟ್ಟು ಬೆರಳ ತುದಿಯಲ್ಲಿ ನೆಕ್ಕಿ ನೋಡಲು ಹೇಳಿ. ಮಳೆಗಾಲದಲ್ಲಿ ಉದುರುವ ಪಣಪುಳಿ ಹಣ್ಣಿನ ರಸವನ್ನು ಇಳಿಸಿ, ಕಪ್ಪಗೆ ಗಟ್ಟಿಯಾಗುವ ತನಕ ಕಾಯಿಸಿದ್ದು ಅದು. ಅದರ ಹುಳಿಯನ್ನು ಒಮ್ಮೆ ಅರಿತ ನಾಲಗೆ ಪಂದಿಕರಿಯಲ್ಲಿ ಅದನ್ನು ತಾನೇ ಗುರುತಿಸುತ್ತದೆ. ಹೊಸಬರಿಗಾಗಿ ಮಾಡುವಾಗ ಕೈ ಹಿಡಿದು ಹಾಕಿ: ಒಂದು ಕಿಲೋ ಮಾಂಸಕ್ಕೆ ಒಂದು ಟೀ ಚಮಚ, ಅದೂ ಮಾಂಸ ಬೆಂದ ಮೇಲೆ ಕೊನೆಯಲ್ಲಿ. ಹೆಚ್ಚಾದರೆ ಮಸಾಲೆಯ ರುಚಿಯೇ ಅಡಗಿ, ಹಲ್ಲು ಚುಳ್ಳೆನ್ನುತ್ತದೆ.

ಇನ್ನೊಂದು, ಅತಿಥಿಗಳು ಚರ್ಮ ಮತ್ತು ಕೊಬ್ಬನ್ನು ತಟ್ಟೆಯ ಅಂಚಿಗೆ ಸರಿಸುವುದನ್ನು ಬೇಕಾದಷ್ಟು ನೋಡಿದ್ದೇನೆ. ಬಲವಂತ ಬೇಡ, ಆದರೆ ತಿಳಿಸಿ: "ಹಂದಿಮಾಂಸ, ಚರ್ಮ ಮತ್ತು ಕೊಬ್ಬಿನ ಸಮೇತ. ಮಸಾಲೆ ಚೆನ್ನಾಗಿ ಹಿಡಿಯುವುದು ಕೊಬ್ಬಿನ ತುಂಡಿಗೇ. ತೆಂಗಿನಕಾಯಿ ಹಾಕಿಲ್ಲ. ಕಪ್ಪು ಬಣ್ಣ ಹುರಿದ ಮಸಾಲೆ ಮತ್ತು ಕಾಚಂಪುಳಿಯದು. ಕಡಂಬುಟ್ಟನ್ನು ಬಿಸಿಯಿರುವಾಗಲೇ ಕೈಯಲ್ಲಿ ಮುರಿದು ರಸಕ್ಕೆ ಅದ್ದಿ ತಿನ್ನಿ." ಹಂದಿಮಾಂಸ ಎಂಬ ಪದ ಮೊದಲೇ ಇರಬೇಕು. ಪಂದಿ ಎಂದರೇನೆಂದು ಎಲ್ಲರಿಗೂ ತಿಳಿದಿರುವುದಿಲ್ಲ, ತಿಂದಾದ ಮೇಲೆ ತಿಳಿಯುವುದು ಅನ್ಯಾಯ. ಅಕ್ಕಿ ತರಿಯ ಕಡಂಬುಟ್ಟು ಆರಿದರೆ ಗಟ್ಟಿಯಾಗುವುದರಿಂದ ಎರಡು ಸರದಿಯಲ್ಲಿ ಹಬೆಗೆ ಇಡಿ.

ಸಸ್ಯಾಹಾರಿಗಳಿಬ್ಬರಿಗೆ ಇದೇ ಕಡಂಬುಟ್ಟಿನ ಜೊತೆ ಅಣಬೆಯ ಕುಮ್ಮು ಕರಿ ಕೊಡಿ, ಬೇರೆ ಪಾತ್ರೆ, ಬೇರೆ ಸೌಟು. ತೋಟದಲ್ಲಿ ಎದ್ದ ಅಣಬೆಯನ್ನು ಗುರುತು ಹಿಡಿಯುವ ಹಿರಿಯರು ಮನೆಯಲ್ಲಿಲ್ಲದಿದ್ದರೆ ಅಂಗಡಿಯ ಅಣಬೆಯನ್ನೇ ತನ್ನಿ.

ಅನ್ನಕ್ಕೆ ಕಾಡ್‌ಮಾಂಗೆ ಕರಿ. ಆಗಸ್ಟಿನಲ್ಲಿ ಹಣ್ಣಿರುವುದಿಲ್ಲ, ಬೇಸಿಗೆಯಲ್ಲಿ ಉಪ್ಪುನೀರಿಗೆ ಹಾಕಿಟ್ಟಿದ್ದರೆ ಮಾಡಿ. "ಬೆಲ್ಲ, ಖಾರ, ಹುಳಿ ಸೇರಿದ ಕಾಡು ಮಾವು. ಗೊರಟು ಒಳಗೇ ಇದೆ, ಕೈಯಲ್ಲಿ ಹಿಡಿದು ಚೀಪಿ" ಎಂದರೆ ಮುಗಿಯಿತು.

ಕೊನೆಗೆ ಮದ್ದು ಪಾಯಸ. ಆಗಸ್ಟ್ 3ರ ಸುಮಾರಿಗೆ ಬರುವ ಕಕ್ಕಡ 18ರಂದು ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಎಂಬ ನಂಬಿಕೆಯನ್ನು ನಂಬಿಕೆ ಎಂದೇ ಬರೆಯಿರಿ. ಕಾಯಿಲೆ ವಾಸಿಯಾಗುತ್ತದೆ ಎಂಬ ಭರವಸೆ ಕೊಡಬೇಡಿ. ಸೊಪ್ಪು ಕುದಿಸಿದ ನೀರಿನ ಗಾಢ ನೇರಳೆ ಬಣ್ಣವೇ ಪಾಯಸದ ಬಣ್ಣ, ಬೇರೆ ಬಣ್ಣ ಬೆರೆಸಿಲ್ಲ ಎಂದು ತಿಳಿಸಿ. ಅದರ ಕೆಳಗೆ ಈ ಸಾಲನ್ನು ಬಿಡಲೇಬೇಡಿ: "ಇದನ್ನು ತಿಂದ ಮೇಲೆ ಮೂತ್ರ ಕೆಂಪಾಗಬಹುದು. ಅದು ಸೊಪ್ಪಿನ ಬಣ್ಣ, ರಕ್ತವಲ್ಲ." ಸಂಕೋಚಪಟ್ಟು ಇದನ್ನು ಬರೆಯದೆ ಬಿಟ್ಟರೆ ಬೆಳಗಿನ ಜಾವ ಯಾರಾದರೂ ಹೆದರಿ ನಿಮ್ಮ ಬಾಗಿಲು ತಟ್ಟುತ್ತಾರೆ. ಚೀಟಿ ಓದದವರೂ ಇರುತ್ತಾರೆ, ಬಡಿಸುವಾಗ ಬಾಯಲ್ಲೂ ಹೇಳಿ.