‘ಹೇ ರಾಮ್’: ಕೇಳಿದವರು ಯಾರು, ಬರೆದಿಟ್ಟವರು ಯಾವಾಗ?

ಪ್ರಶ್ನೆ: ಪ್ರತಿ ಜನವರಿ 30ಕ್ಕೆ ಮಡಿಕೇರಿಯ ಖಜಾನೆಯಿಂದ ಗಾಂಧೀಜಿಯ ಚಿತಾಭಸ್ಮವನ್ನು ಗಾಂಧಿ ಮಂಟಪಕ್ಕೆ ತರುವಾಗ ನಮ್ಮ ಶಾಲೆಯ ಮಕ್ಕಳನ್ನೂ ಕರೆದುಕೊಂಡು ಹೋಗುತ್ತೇನೆ. ಕಡೆಯ ಮಾತು ‘ಹೇ ರಾಮ್’ ಎಂದು ನಾನು ಹೇಳಿದ್ದಕ್ಕೆ, “ಅವರ ಕಾರ್ಯದರ್ಶಿಯೇ ಇಲ್ಲ ಅಂದಿದ್ದಾರಂತೆ ಮಿಸ್” ಎಂದು ಒಬ್ಬ ಹುಡುಗ ಕೇಳಿದ. ಏನು ಉತ್ತರ ಕೊಡಲಿ? — ಪ್ರೌಢಶಾಲಾ ಶಿಕ್ಷಕಿ, ಮಡಿಕೇರಿ

ಉತ್ತರ: ಹುಡುಗನ ಮಾತಿನಿಂದಲೇ ಶುರುಮಾಡೋಣ. ಆ ಕಾರ್ಯದರ್ಶಿ ವಿ. ಕಲ್ಯಾಣಂ. 1948ರ ಜನವರಿ 30ರ ಸಂಜೆ ಬಿರ್ಲಾ ಭವನದ ಹುಲ್ಲುಹಾಸಿನಲ್ಲಿ ಅವರು ಗಾಂಧೀಜಿಯ ಹಿಂದೆ ನಡೆದು ಬರುತ್ತಿದ್ದರು. ಗಾಂಧೀಜಿ ‘ಹೇ ರಾಮ್’ ಎನ್ನಲೇ ಇಲ್ಲ ಎಂದು ಅವರು ಹೇಳಿದ್ದಾಗಿ ಪತ್ರಿಕೆಗಳಲ್ಲಿ ಬಂತು. ಎಷ್ಟೋ ವರ್ಷಗಳ ನಂತರ, 2018ರಲ್ಲಿ, ಅವರೇ ಅದನ್ನು ತಿದ್ದಿದರು: ಗಾಂಧೀಜಿ ಹೇಳಲಿಲ್ಲ ಎಂದು ತಾನು ಹೇಳಿಲ್ಲ, ತನಗೆ ಕೇಳಲಿಲ್ಲ ಎಂದಷ್ಟೇ ಹೇಳಿದ್ದು ಎಂದು. ‘ಹೇಳಲಿಲ್ಲ’ ಮತ್ತು ‘ಕೇಳಲಿಲ್ಲ’, ಕನ್ನಡದಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಸಾಕ್ಷ್ಯ ತೂಗುವವರಿಗೆ ಅದು ಬೆಟ್ಟದಷ್ಟು. ಹತ್ತಿರದಲ್ಲೇ ಗುಂಡು ಸಿಡಿದಿದೆ, ಜನ ಚೀರಿದ್ದಾರೆ. ಹಿಂದಿದ್ದವರಿಗೆ ಒಂದು ಉಸಿರಿನಷ್ಟು ಮಾತು ಕೇಳಿಸದೆ ಹೋದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಹಾಗಾದರೆ ಕೇಳಿಸಿತು ಎಂದವರು ಯಾರು? ನಾನು ಮೊದಲು ನೋಡುವುದು ಪ್ರಸಿದ್ಧ ಹೇಳಿಕೆಯನ್ನಲ್ಲ, ಎಲ್ಲಕ್ಕಿಂತ ಬೇಗ ಬರೆದಿಟ್ಟದ್ದನ್ನು. ಅದು ತುಘಲಕ್ ರೋಡ್ ಪೊಲೀಸ್ ಠಾಣೆಯ ಎಫ್‌ಐಆರ್. ನಂದಲಾಲ್ ಮೆಹ್ತಾ ಎಂಬ ಪ್ರತ್ಯಕ್ಷದರ್ಶಿ ಕೊಟ್ಟ ಹೇಳಿಕೆಯನ್ನು ಅದೇ ಸಂಜೆ ಉರ್ದುವಿನಲ್ಲಿ ಬರೆದುಕೊಂಡದ್ದು. ಅದರ ಪ್ರಕಾರ ಗಾಂಧೀಜಿ ‘ರಾಮ್ ರಾಮ್’ ಎನ್ನುತ್ತಾ ಹಿಂದಕ್ಕೆ ಬಿದ್ದರು. ಕಡೆಯ ಮಾತಿಗೆ ಯಾರೂ ಇನ್ನೂ ಒಂದು ರೂಪ ಕೊಟ್ಟಿರದ ಹೊತ್ತು ಅದು. ರಾಜಘಾಟ್‌ನ ಕಲ್ಲಿನ ಮೇಲೆ ‘ಹೇ ರಾಮ್’ ಎಂದು ಕೆತ್ತಿದ್ದು ಆಮೇಲೆ. ಹಾಗಾಗಿ ಈ ಕಾಗದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಕೆಂಪುಕೋಟೆಯಲ್ಲಿ ನಡೆದ ವಿಚಾರಣೆಯಲ್ಲಿ ಗುರುಬಚನ್ ಸಿಂಗ್ ಎಂಬ ಇನ್ನೊಬ್ಬರು ‘ಹಾಯ್ ರಾಮ್’ ಎಂದು ಕೇಳಿದ್ದಾಗಿ ಸಾಕ್ಷ್ಯ ನುಡಿದರು. ‘ಹೇ’ ಎಂದರೆ ಕರೆಯುವುದು, ‘ಹಾಯ್’ ಎಂದರೆ ನಮ್ಮ ‘ಅಯ್ಯೋ’. ಒಂದು ಪ್ರಾರ್ಥನೆ, ಇನ್ನೊಂದು ನೋವು. ಆದರೆ ಈ ಹೊಂದಿಕೆಯಾಗದಿರುವುದೇ ನನಗೆ ನಂಬಿಕೆ ಹುಟ್ಟಿಸುತ್ತದೆ. ಒಬ್ಬರಿಂದ ಒಬ್ಬರು ಕೇಳಿ ಕಲಿತಿದ್ದರೆ ಎಲ್ಲರ ಬಾಯಲ್ಲೂ ಒಂದೇ ಮಾತು ಬರುತ್ತಿತ್ತು. ಇಲ್ಲಿ ಮೊದಲ ಪದ ಬದಲಾಗಿದೆ, ರಾಮನ ಹೆಸರು ಮಾತ್ರ ಉಳಿದಿದೆ.

ಎಲ್ಲರಿಗಿಂತ ಹತ್ತಿರ ಇದ್ದವರು ಗಾಂಧೀಜಿಯ ಸಂಬಂಧಿಕ ಹುಡುಗಿಯರಾದ ಮನು ಮತ್ತು ಆಭಾ. ಇಬ್ಬರ ಹೆಗಲ ಮೇಲೂ ಗಾಂಧೀಜಿಯ ಕೈಯಿತ್ತು. ಗೋಡ್ಸೆ ಮನುವನ್ನು ತಳ್ಳಿದಾಗ ಆಕೆಯ ಕೈಯಲ್ಲಿದ್ದ ನೋಟ್‌ಬುಕ್, ಜಪಮಾಲೆ, ಉಗುಳುವ ಬಟ್ಟಲು ನೆಲಕ್ಕೆ ಬಿದ್ದವು. ಕಿವಿ ಗಡಚಿಕ್ಕುವ ಸದ್ದು, ಹೊಗೆ. ಅದರ ನಡುವೆ ‘ಹೇ ರಾಮ’ ಎಂಬ ಮಾತು ಕೇಳಿತು ಎಂದು ಮನು ಬರೆದಿದ್ದಾರೆ. ಇಲ್ಲಿ ಒಂದು ತೊಡಕಿದೆ. ಯಾರಾದರೂ ಗುಂಡು ಹಾರಿಸಿ, ನಾನು ರಾಮನಾಮ ಹೇಳುತ್ತಾ ಪ್ರಾಣಬಿಟ್ಟರೆ ಮಾತ್ರ ನನ್ನನ್ನು ನಿಜವಾದ ಮಹಾತ್ಮ ಎನ್ನು ಎಂದು ಗಾಂಧೀಜಿ ಹಿಂದಿನ ರಾತ್ರಿಯಷ್ಟೇ ಆಕೆಗೆ ಹೇಳಿದ್ದರು. ಅವರು ಆ ಹೆಸರನ್ನೇ ಹೇಳಿರುವ ಸಂಭವ ಇದರಿಂದ ಹೆಚ್ಚುತ್ತದೆ; ಆಕೆ ಅದನ್ನೇ ಕೇಳಲು ಕಿವಿ ತೆರೆದಿದ್ದಳು ಎಂಬುದೂ ಅಷ್ಟೇ ನಿಜ. ಆದ್ದರಿಂದ ಮನುವಿನ ಮಾತನ್ನು ಒಂಟಿಯಾಗಿ ನಿಲ್ಲಿಸದೆ, ಎಫ್‌ಐಆರ್‌ನ ಪಕ್ಕ ಇಟ್ಟು ಓದಬೇಕು.

ಹತ್ತಿರದವರ ಕಿವಿ ಏನು ಮಾಡುತ್ತದೆ ಎಂಬುದನ್ನು ನಾನು ಮನೆಯಲ್ಲೇ ಕಂಡಿದ್ದೇನೆ. ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಅಜ್ಜ ಕಣ್ಣುಮುಚ್ಚಿದಾಗ ಮಂಚದ ಸುತ್ತ ನಾವು ಮೂವರಿದ್ದೆವು. ‘ನೀರು’ ಎಂದದ್ದು ಮೂವರಿಗೂ ಕೇಳಿಸಿತು. ಕುಡಿಯಲು ಕೇಳಿದರು ಎಂದಳು ಅತ್ತೆ. ಗದ್ದೆಗೆ ನೀರು ಬಿಟ್ಟಿರಾ ಎಂದರು ಎಂದ ಚಿಕ್ಕಪ್ಪ. ನಾಟಿಯ ದಿನಗಳು ಅವು. ಬರೆದಿಟ್ಟವರಿಲ್ಲ, ಇಂದಿಗೂ ಎರಡು ಮಾತು ಹಾಗೇ ಇವೆ.

ನಾಥೂರಾಮನ ತಮ್ಮ ಗೋಪಾಲ್ ಗೋಡ್ಸೆ ‘ಹೇ ರಾಮ್’ ಎನ್ನಲಿಲ್ಲ ಎಂದು ವಾದಿಸಿದ್ದನ್ನೂ ನಿಮ್ಮ ಹುಡುಗ ಮುಂದೆ ಓದಬಹುದು. ಆ ಸಂಜೆ ಗೋಪಾಲ್ ಅಲ್ಲಿ ಇರಲಿಲ್ಲ. ಅದು ಸಾಕ್ಷ್ಯವಲ್ಲ.

ತರಗತಿಯಲ್ಲಿ ಹೀಗೆ ಹೇಳಿ: ಹತ್ತಿರ ಇದ್ದವರಲ್ಲಿ ಕೆಲವರು ರಾಮನ ಹೆಸರು ಕೇಳಿದೆವು ಎಂದಿದ್ದಾರೆ, ಅದರಲ್ಲಿ ಒಂದು ಹೇಳಿಕೆ ಅದೇ ಸಂಜೆ ದಾಖಲಾಗಿದೆ; ಆ ಹೆಸರು ಬಂದಿರುವ ಸಂಭವವೇ ಹೆಚ್ಚು, ಆದರೆ ‘ಹೇ ರಾಮ್’ ಎಂಬ ಎರಡೇ ಪದಗಳು ಎಂದು ಆಣೆ ಮಾಡಲಾಗದು. ಜೊತೆಗೆ ಇನ್ನೊಂದನ್ನು ಸೇರಿಸಿ. ಪಟೇಲರೊಂದಿಗಿನ ಮಾತುಕತೆ ಮುಗಿಯದೆ ಪ್ರಾರ್ಥನೆಗೆ ಹತ್ತು ನಿಮಿಷ ತಡವಾಗಿತ್ತು. ದಾರಿಯಲ್ಲಿ ಗಾಂಧೀಜಿ ಆ ಇಬ್ಬರು ಹುಡುಗಿಯರೊಂದಿಗೆ ಆ ತಡದ ಬಗ್ಗೆಯೂ ಮಾತಾಡಿದರು, ತನಗೆ ತಡವಾಗುವುದು ಹಿಡಿಸದು ಎಂದು. ಪ್ರಾರ್ಥನೆಯ ಜಾಗ ಹತ್ತಿರವಾದಾಗ ಮಾತು ನಿಲ್ಲಿಸುವುದು ಅವರ ರೂಢಿ. ಅಂದೂ ನಿಲ್ಲಿಸಿ, ಮೆಟ್ಟಿಲು ಹತ್ತಿ, ಜನರಿಗೆ ಕೈಮುಗಿದರು.