ಬಣ್ಣ ನೋಡಿ ಮಾತ್ರೆ ನುಂಗಿ 7 ತಿಂಗಳು ಕಳೆದೆ

"ನನಗೆ ಬಿಳಿ ಸೆರಗು ಕೆಲವು ದಿನ ನೀರಿನಂತೆ, ಕೆಲವು ದಿನ ಗಟ್ಟಿಯಾಗಿ ಹೋಗುತ್ತೆ, ಬಟ್ಟೆ ಮೇಲೆ ಒಣಗಿದರೆ ಹಳದಿ ಕಾಣುತ್ತೆ. ಈಗ ಎರಡು ತಿಂಗಳಿಂದ ಮುಟ್ಟು ಮುಗಿದ ಮೇಲೆ ವಾಸನೆ ಬೇರೆ ಬರ್ತಿದೆ. ಯಾವ ಬಣ್ಣಕ್ಕೆ ಯಾವ ಮಾತ್ರೆ? ಹಿಂದೆ ಒಮ್ಮೆ ಡಾಕ್ಟರ್ ಕೊಟ್ಟಿದ್ದ ಫಂಗಲ್ ಮಾತ್ರೆಯನ್ನೇ ಮತ್ತೆ ತಗೋಬಹುದಾ?"

ಬೇಡ, ತಗೋಬೇಡಿ. ಆ ಹಳೇ ಚೀಟಿ ನನ್ನ ಹತ್ತಿರವೂ ಇತ್ತು, ನಾಲ್ಕು ಮಡಿಕೆ ಮಾಡಿ ಬೀರುವಿನಲ್ಲಿ ಇಟ್ಟುಕೊಂಡಿದ್ದೆ. ಮಡಿಕೆ ಹರಿಯುವಷ್ಟು ಸಲ ಅದನ್ನು ತೆಗೆದಿದ್ದೇನೆ.

ಮೊದಲ ಸಲ ನನಗಾಗಿದ್ದು ನಿಜವಾಗಿಯೂ ಫಂಗಲ್ ಇನ್ಫೆಕ್ಷನ್ನೇ. ಹಲ್ಲಿನ ಕೀವಿಗೆ ಐದು ದಿನ ಆಂಟಿಬಯಾಟಿಕ್ ತಗೊಂಡಿದ್ದೆ, ಅದು ಮುಗಿಯುವ ಹೊತ್ತಿಗೆ ಕೆಳಗೆ ತುರಿಕೆ ಶುರುವಾಯಿತು. ರಾತ್ರಿ ನಿದ್ದೆಯಿಂದ ಎಬ್ಬಿಸುವಂಥ ತುರಿಕೆ. ಮೂತ್ರ ತಾಗಿದರೆ ಉರಿ, ಹೊರಗಿನ ಚರ್ಮ ಕೆಂಪಗೆ ಊದಿತ್ತು. ಹೋಗುತ್ತಿದ್ದದ್ದು ಒಡೆದ ಮೊಸರಿನಂತೆ ಬಿಳಿ ಗರಣೆ ಗರಣೆ, ಆದರೆ ವಾಸನೆ ಎನ್ನುವಂಥದ್ದೇನೂ ಇರಲಿಲ್ಲ. ಡಾಕ್ಟರ್ ಪರೀಕ್ಷೆ ಮಾಡಿ ಫ್ಲುಕೊನಜೋಲ್ 150 ಮಿಲಿಗ್ರಾಂ, ಒಂದೇ ಒಂದು ಮಾತ್ರೆ ಬರೆದುಕೊಟ್ಟರು. ಮೂರನೇ ದಿನಕ್ಕೆ ತುರಿಕೆ ನಿಂತಿತು. ಚೀಟಿಯನ್ನು ಜೋಪಾನ ಮಾಡಿದ್ದು ಆಗಲೇ.

ಅದಾಗಿ ಕೆಲವು ತಿಂಗಳಿಗೆ, ಮುಟ್ಟು ಮುಗಿದ ಎರಡನೇ ದಿನ, ಬಟ್ಟೆ ಬದಲಿಸುವಾಗ ಹಸಿ ಮೀನಿನಂಥ ನಾತ ಬಂತು. ಬಟ್ಟೆಯ ಮೇಲೆ ತೆಳುವಾದ, ಹಾಲಿಗೆ ನೀರು ಬೆರೆಸಿದಂಥ ಪದರ, ಬಿಳಿ ಅನ್ನುವುದಕ್ಕಿಂತ ಬೂದು ಬಣ್ಣ. ತುರಿಕೆ ಇಲ್ಲ, ಉರಿಯೂ ಇಲ್ಲ. ನನ್ನ ಕಣ್ಣಿಗೆ ಮಾತ್ರ ಅದು ಬಿಳಿಯಾಗಿಯೇ ಕಂಡಿತು. ಬಿಳಿ ಅಂದರೆ ಫಂಗಸ್ ಎಂದು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಚೀಟಿ ತೋರಿಸಿ ಅದೇ ಮಾತ್ರೆ ತಂದು ನುಂಗಿದೆ. ಒಂದು ವಾರದಲ್ಲಿ ವಾಸನೆ ಕಡಿಮೆಯಾಯಿತು.

ನನ್ನನ್ನು ದಾರಿ ತಪ್ಪಿಸಿದ್ದು ಈ "ಕಡಿಮೆಯಾಯಿತು" ಅನ್ನುವುದೇ. ಇದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನೀವು ಈಗ ನಿಂತಿರುವುದೂ ಅಲ್ಲೇ. ಯೋನಿಯ ಒಳಗೆ ಸಾಮಾನ್ಯವಾಗಿ ಲ್ಯಾಕ್ಟೊಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತಾ ಜಾಗವನ್ನು ಹುಳಿಯಾಗಿ ಇಟ್ಟಿರುತ್ತವೆ. ಪಿಎಚ್ ಲೆಕ್ಕದಲ್ಲಿ ಹೇಳುವುದಾದರೆ 3.8ರಿಂದ 4.5ರ ಒಳಗೆ. ಇವು ಕಡಿಮೆಯಾಗಿ ಬೇರೆ ಬ್ಯಾಕ್ಟೀರಿಯಾಗಳು ಹೆಚ್ಚಿಕೊಂಡರೆ ಅದೇ ಬ್ಯಾಕ್ಟೀರಿಯಲ್ ವಜೈನೋಸಿಸ್. ಡಾಕ್ಟರುಗಳು ಬಿವಿ ಅನ್ನುತ್ತಾರೆ. ಆ ಬೇರೆ ಬ್ಯಾಕ್ಟೀರಿಯಾಗಳು ಅಮೈನ್ ಎಂಬ ವಸ್ತುಗಳನ್ನು ಬಿಡುತ್ತವೆ. ಹುಳಿ ಇರುವಷ್ಟು ಹೊತ್ತು ಅವು ಸುಮ್ಮನಿರುತ್ತವೆ. ಕ್ಷಾರ ತಾಗಿದ ಕೂಡಲೇ ಗಾಳಿಗೆ ಏಳುತ್ತವೆ, ಮೂಗಿಗೆ ಹೊಡೆಯುತ್ತವೆ. ಮುಟ್ಟಿನ ರಕ್ತವೂ ವೀರ್ಯವೂ ಕ್ಷಾರದ ಕಡೆಯವು. ಹಾಗಾಗಿಯೇ ಬಿವಿ ನಾತ ಮುಟ್ಟಿನ ಕೊನೆಗೆ ಮತ್ತು ಸಂಭೋಗದ ನಂತರ ಜೋರಾಗುತ್ತದೆ, ಆಮೇಲೆ ತಾನಾಗಿಯೇ ತಗ್ಗುತ್ತದೆ.

ಅಂದರೆ ನಾನು ಮಾತ್ರೆ ನುಂಗದೆ ಸುಮ್ಮನೆ ಇದ್ದಿದ್ದರೂ ಆ ವಾರದಲ್ಲಿ ವಾಸನೆ ಕಡಿಮೆಯಾಗುತ್ತಿತ್ತು. ಫ್ಲುಕೊನಜೋಲ್ ಮಾಡುವ ಕೆಲಸ ಫಂಗಸ್ಸಿನ ಪೊರೆಗೆ ಬೇಕಾದ ಒಂದು ವಸ್ತು ತಯಾರಾಗದಂತೆ ತಡೆಯುವುದು. ಆ ವಸ್ತು ಈ ಬ್ಯಾಕ್ಟೀರಿಯಾಗಳಲ್ಲಿ ಇಲ್ಲವೇ ಇಲ್ಲ. ಮಾತ್ರೆ ಏನೂ ಮಾಡಿರಲಿಲ್ಲ. ನಾನು ಮಾತ್ರ ಗುಣವಾಯಿತು ಅಂದುಕೊಂಡೆ, ಮುಂದಿನ ತಿಂಗಳು ಮತ್ತೆ ಬಂದಾಗ "ಪೂರ್ತಿ ಹೋಗಿರಲಿಲ್ಲ" ಎಂದು ಮತ್ತೊಂದು ನುಂಗಿದೆ. ಹೀಗೆ 7 ತಿಂಗಳಲ್ಲಿ ಐದು ಸಲ. ನಡುವೆ ಎರಡು ಸಲ ಒಳಗೆ ಇಡುವ ಕ್ಲೋಟ್ರಿಮಜೋಲ್ ಮಾತ್ರೆಯನ್ನೂ ಇಟ್ಟುಕೊಂಡೆ. ಅದು ಕರಗಿ ಬಿಳಿ ಬಿಳಿಯಾಗಿ ಹೊರಬಂದಾಗ ಅದನ್ನೂ ಫಂಗಸ್ ಎಂದೇ ಎಣಿಸಿದೆ.

ಸಾಲದ್ದಕ್ಕೆ ಸೋಪು. ನಾತಕ್ಕೆ ನಾಚಿ ದಿನಕ್ಕೆ ಎರಡು ಸಲ ಬೆರಳು ಹಾಕಿ ಒಳಗೆಲ್ಲ ತೊಳೆಯತೊಡಗಿದೆ. ಸೋಪು ಕ್ಷಾರ. ಒಳಗಿನ ಹುಳಿಯನ್ನು ಇನ್ನಷ್ಟು ಕೆಡಿಸಿತು, ಹೊರಗಿನ ಚರ್ಮವನ್ನು ಒಣಗಿಸಿ ತುರಿಕೆ ತಂದಿತು. ತುರಿಕೆ ಬಂದ ಮೇಲಂತೂ ಇದು ಫಂಗಸ್ಸೇ ಎಂದು ನನಗೆ ಯಾವ ಅನುಮಾನವೂ ಉಳಿಯಲಿಲ್ಲ.

ಕೊನೆಗೆ ಗಂಡ ಕೇಳಿದ ಒಂದು ಮಾತಿಗೆ ಅತ್ತು, ಮರುದಿನ ಬೇರೆ ಡಾಕ್ಟರ್ ಹತ್ತಿರ ಹೋದೆ. ಅವರು ಬಣ್ಣ ಕೇಳಲೇ ಇಲ್ಲ. "ತುರಿಕೆ ಮೊದಲು ಬಂತಾ, ವಾಸನೆ ಮೊದಲು ಬಂತಾ? ಮುಟ್ಟಿನ ಯಾವ ದಿನ ಜಾಸ್ತಿ?" ಎಂದು ಕೇಳಿದರು. ವಾಸನೆ ಮೊದಲು, ಮುಟ್ಟು ಮುಗಿಯುವಾಗ ಜಾಸ್ತಿ ಅಂದೆ. ಒಳಗೆ ನೋಡಿ, ಗೋಡೆಯಿಂದ ಹತ್ತಿಕಡ್ಡಿಯಲ್ಲಿ ಸ್ವಲ್ಪ ತೆಗೆದು ಪಿಎಚ್ ಕಾಗದಕ್ಕೆ ಒತ್ತಿದರು. ಹಳದಿ ಕಾಗದ ಹಸಿರಿಗೆ ತಿರುಗಿತು, ಪಿಎಚ್ 5ಕ್ಕಿಂತ ಮೇಲೆ, ಅಂದರೆ ಹುಳಿ ಕಡಿಮೆಯಾಗಿತ್ತು. ಇನ್ನೊಂದಿಷ್ಟನ್ನು ಗಾಜಿನ ಮೇಲೆ ಸವರಿ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ ಒಂದು ಹನಿ ಬಿಟ್ಟರು. ಅದೇ ನಾತ, ಕೋಣೆಯಲ್ಲೆಲ್ಲ. ಮುಟ್ಟಿನ ರಕ್ತ ಪ್ರತಿ ತಿಂಗಳು ನನ್ನೊಳಗೆ ಮಾಡುತ್ತಿದ್ದದ್ದನ್ನು ಆ ಹನಿ ಗಾಜಿನ ಮೇಲೆ ಮಾಡಿ ತೋರಿಸಿತು. ಸೂಕ್ಷ್ಮದರ್ಶಕದಲ್ಲಿ ಅಂಚೇ ಕಾಣದಷ್ಟು ಬ್ಯಾಕ್ಟೀರಿಯಾ ಮುತ್ತಿಕೊಂಡ ಕೋಶಗಳು ಕಂಡವು, ಫಂಗಸ್ಸಿನ ಎಳೆ ಒಂದೂ ಇರಲಿಲ್ಲ.

"ನೋಡಮ್ಮ, ಫಂಗಸ್ ಇದ್ದರೆ ಹುಳಿ ಸಾಮಾನ್ಯವಾಗಿ ಹಾಗೇ ಇರುತ್ತೆ, ಕಾಗದ ಬಣ್ಣ ಬದಲಿಸಲ್ಲ. ನಿನಗೆ ಬೇಕಿದ್ದದ್ದು ಬೇರೆ ಔಷಧಿ" ಅಂದರು. ಮೆಟ್ರೋನಿಡಜೋಲ್ 400 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 7 ದಿನ. ಬಾಯಿ ಇಡೀ ವಾರ ಲೋಹ ನೆಕ್ಕಿದಂತಿತ್ತು, ಊಟ ಸೇರಲಿಲ್ಲ. ನಾಲ್ಕನೇ ದಿನಕ್ಕೆ ವಾಸನೆ ಹೋಯಿತು, ಆದರೂ ಮಾತ್ರೆ ನಿಲ್ಲಿಸದೆ 7 ದಿನವೂ ಮುಗಿಸಿದೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ಬಿವಿ ಮರುಕಳಿಸುವ ಸ್ವಭಾವದ್ದು, ಚಿಕಿತ್ಸೆ ಪಡೆದ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ವರ್ಷದೊಳಗೆ ಮತ್ತೆ ಬರುತ್ತದೆ. ನನಗೂ ಬಂತು. ಆ ಸಲ ಚೀಟಿ ಹುಡುಕಲಿಲ್ಲ, ನೇರ ಅವರ ಹತ್ತಿರ ಹೋದೆ.

ಹಾಗಾಗಿ ಯಾವ ಬಣ್ಣಕ್ಕೆ ಯಾವ ಮಾತ್ರೆ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀವು ಬರೆದದ್ದರಲ್ಲಿ ಅರ್ಧ ರೋಗವೇ ಅಲ್ಲ. ಮುಟ್ಟು ನಿಂತ ಮೇಲೆ ಕೆಲವು ದಿನ ಒಣ ಒಣ, ಆಮೇಲೆ ಅಂಟು, ಆಮೇಲೆ ಕೆನೆಯಂತೆ. ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮುಂಚೆ ಅಂಡಾಣು ಬಿಡುಗಡೆಯಾಗುವ ದಿನಗಳಲ್ಲಿ ಅದು ಹಸಿ ಮೊಟ್ಟೆಯ ಲೋಳೆಯಂತೆ ಆಗುತ್ತದೆ. ಎರಡು ಬೆರಳ ನಡುವೆ ಹಿಡಿದು ಎಳೆದರೆ ಕಡಿಯದೆ ಹಿಗ್ಗುತ್ತದೆ, ನೀರಿನಂತೆ ಜಾರುತ್ತದೆ. ಅದು ಮುಗಿದರೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರಿ ಮತ್ತೆ ಗಟ್ಟಿ, ಬಿಳಿ, ಕಡಿಮೆ. ಒಣಗಿದಾಗ ತಿಳಿ ಹಳದಿ ಕಾಣುವುದು ಸಹಜ. ಕಪ್ಪು ಒಳಉಡುಪಿನ ನಡುವೆ ಬಣ್ಣ ಹಾರಿ ಕೇಸರಿ ಕಲೆ ಆಗುತ್ತದಲ್ಲ, ನಾನು ಅದಕ್ಕೂ ಹೆದರಿದ್ದೆ. ಅದು ಆ ಹುಳಿಯ ಕೆಲಸ, ರೋಗದ ಗುರುತಲ್ಲ. ಸಣ್ಣಗೆ ಹುಳಿ ವಾಸನೆಯೂ ಇರುತ್ತದೆ, ಅದನ್ನು ತೊಳೆದು ತೆಗೆಯಬೇಕಾಗಿಲ್ಲ. ಹೊರಗೆ ಬರೀ ನೀರು ಸಾಕು, ಒಳಗೆ ಅದೂ ಬೇಡ.

ನಿಮ್ಮ ವಿವರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಮುಟ್ಟು ಮುಗಿದ ಮೇಲಿನ ಆ ವಾಸನೆ ಒಂದೇ. ತುರಿಕೆ ಇಲ್ಲದೆ ಮೀನಿನ ನಾತ ಇದ್ದರೆ ಬಿವಿಯ ಕಡೆ ಬೆರಳು ತೋರಿಸುತ್ತದೆ, ನಾತವಿಲ್ಲದೆ ಜೋರು ತುರಿಕೆ ಇದ್ದರೆ ಫಂಗಸ್ಸಿನ ಕಡೆ. ಇಷ್ಟರಿಂದಲೇ ನೀವೇ ಮೆಟ್ರೋನಿಡಜೋಲ್ ತಂದು ನುಂಗಬೇಡಿ, ಅದು ನನ್ನ ತಪ್ಪನ್ನೇ ತಿರುವಿ ಹಾಕಿದಂತೆ. ಎರಡೂ ಒಟ್ಟಿಗೆ ಇರಬಹುದು. ಹಸಿರು ಮಿಶ್ರಿತ ಹಳದಿ, ನೊರೆ ನೊರೆಯಾಗಿ ಹೋದರೆ ಟ್ರೈಕೊಮೊನಾಸ್ ಎಂಬ ಬೇರೆಯೇ ಸೋಂಕು ಇರಬಹುದು. ಅದು ಸಂಭೋಗದಿಂದ ಹರಡುವಂಥದ್ದು, ಜೊತೆಗಾರನಿಗೂ ಔಷಧಿ ಆಗಬೇಕು, ಇಲ್ಲದಿದ್ದರೆ ಮತ್ತೆ ಮತ್ತೆ ಅಂಟುತ್ತದೆ. ಕಿಬ್ಬೊಟ್ಟೆ ನೋವು, ಜ್ವರ, ಸಂಭೋಗದ ನಂತರ ರಕ್ತ, ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ, ಅಂದೇ ಹೋಗಿ. ಬಸುರಿ ಇರಬಹುದು ಅನ್ನಿಸಿದರೆ ಆ ಹಳೇ ಫ್ಲುಕೊನಜೋಲನ್ನು ಮುಟ್ಟಲೇಬೇಡಿ. ಮಾತ್ರೆಗೆ ಬಗ್ಗಿದರೂ ಫಂಗಸ್ ಪದೇ ಪದೇ ಬರುವುದಾದರೆ ಸಕ್ಕರೆ ಪರೀಕ್ಷೆ ಮಾಡಿಸಿ.

ಪರೀಕ್ಷೆಗೆ ಹೋಗುವಾಗ ರಕ್ತ ಪೂರ್ತಿ ನಿಂತಿರಲಿ, ಏಕೆಂದರೆ ರಕ್ತವೇ ಪಿಎಚ್ ಏರಿಸಿ ಕಾಗದವನ್ನು ದಾರಿ ತಪ್ಪಿಸುತ್ತದೆ. ಹಿಂದಿನ ಎರಡು ದಿನ ಒಳಗೆ ಯಾವ ಕ್ರೀಮನ್ನೂ ಮಾತ್ರೆಯನ್ನೂ ಇಡಬೇಡಿ, ಸಂಭೋಗವೂ ಬೇಡ. ಬೆಳಿಗ್ಗೆ ಸ್ನಾನದಲ್ಲಿ ಚೆನ್ನಾಗಿ ತೊಳೆದುಕೊಂಡು ಹೋಗಬೇಕು ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಒಳಗೆ ತೊಳೆಯದೆ ಹಾಗೇ ಹೋಗಿ. ಆ ವಾಸನೆ ಡಾಕ್ಟರ್ ಮೂಗಿಗೂ ಸಿಗಬೇಕು.