ಉರುಳುವ ಚಕ್ರದ ತಳ ನಿಂತಿರುತ್ತದೆಯೇ?

ಸೈಕಲ್ ಮುಂದೆ ಹೋಗ್ತಿದ್ರೂ ಚಕ್ರದ ತಳದ ಬಿಂದುವಿನ ವೇಗ ಸೊನ್ನೆ ಅಂತಾರಲ್ಲ, ಹೇಗೆ?

ಚಕ್ರ ಜಾರದೆ ಉರುಳುವಾಗ ಮಾತ್ರ ಇದು ನಿಜ, ಅದೂ ಆ ಒಂದು ಕ್ಷಣಕ್ಕೆ. ಒದ್ದೆ ಮಣ್ಣಿನಲ್ಲಿ ಟೈರಿನ ಅಚ್ಚು ನೀಟಾಗಿ ಮೂಡುತ್ತದೆ, ಅಲ್ವಾ? ತಳ ಜಾರಿದ್ದರೆ ಅಚ್ಚಿನ ಬದಲು ಗೀರು ಇರುತ್ತಿತ್ತು.

ಸೈಕಲ್ ವೇಗ ಸೆಕೆಂಡಿಗೆ 6 ಮೀಟರ್, ಚಕ್ರದ ತ್ರಿಜ್ಯ 0.3 ಮೀಟರ್ ಅಂದುಕೊಳ್ಳಿ. ಆ ಕ್ಷಣ ಇಡೀ ಚಕ್ರ ನೆಲಕ್ಕೆ ತಾಗಿದ ಬಿಂದುವಿನ ಸುತ್ತಲೇ ತಿರುಗುತ್ತಿರುತ್ತದೆ. ತಿರುಗುವ ವೇಗ 6/0.3, ಅಂದರೆ ಸೆಕೆಂಡಿಗೆ 20 ರೇಡಿಯನ್. ಆ ಬಿಂದುವಿನಿಂದ ದೂರ ಹೋದಷ್ಟೂ ವೇಗ ಜಾಸ್ತಿ. ನಡುವಿನ ಬಿಂದುವಿಗೆ 20 × 0.3 = 6, ಮೇಲ್ತುದಿಗೆ 20 × 0.6 = 12. ಓಡುವ ಸೈಕಲ್ಲಿನ ಫೋಟೋದಲ್ಲಿ ಮೇಲಿನ ಕಡ್ಡಿಗಳು ಕಲಸಿಹೋಗಿ, ಕೆಳಗಿನವು ಸ್ಪಷ್ಟವಾಗಿ ಕಾಣುವುದು ಇದಕ್ಕೇ.

ಹಲವರು ಎಡವುವುದು ಇಲ್ಲಿ: ತಳದ ವೇಗ ಸೊನ್ನೆಯಾದರೂ ವೇಗೋತ್ಕರ್ಷ ಸೊನ್ನೆಯಲ್ಲ. ಸೈಕಲ್ ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಅದು ಮೇಲ್ಮುಖವಾಗಿ v²/r = 120 m/s² ಇರುತ್ತದೆ.